ಲೊಕೇಶನ್ ಫೋಟೊದಿಂದ ಸ್ಟೋರಿಬೋರ್ಡ್, ಎಲ್ಲ ಫ್ರೇಮಿಗೂ ಒಂದೇ ಕೈ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಕೆಲವು ವಿದ್ಯಾರ್ಥಿಗಳು ಸೇರಿ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಒಂಬತ್ತು ನಿಮಿಷದ ಕಿರುಚಿತ್ರ ತೆಗೆದೆವು. ಅಪ್ಪನಿಗೆ ಊಟದ ಕ್ಯಾರಿಯರ್ ತರುವ ಹುಡುಗಿ, ಭಟ್ಟಿಯ ಮುಂದೆ ಕುಳಿತ ಅಪ್ಪ, ಕೂಲಿ ಕೊಡಲು ಸತಾಯಿಸುವ ಮಾಲೀಕ, ಇಷ್ಟೇ ಕಥೆ. ಅದಕ್ಕೆ 38 ಫ್ರೇಮುಗಳ ಸ್ಟೋರಿಬೋರ್ಡ್ ಬರೆದವನು ನಾನು. ಮೊದಲ ಹನ್ನೊಂದು ಫ್ರೇಮುಗಳನ್ನು ಹರಿದುಹಾಕಿದವನೂ ನಾನೇ. ಆಮೇಲೆ ಕಿರಿಯರು ಒಬ್ಬೊಬ್ಬರಾಗಿ ಬಂದು ಕೇಳಿದ ಪ್ರಶ್ನೆಗಳು, ಅವರಿಗೆ ನಾನು ಕೊಟ್ಟ ಉತ್ತರಗಳು ಇಲ್ಲಿವೆ.

ಫೋಟೊಗಳೇ ಇವೆಯಲ್ಲ, ಅವುಗಳನ್ನೇ ಸಾಲಾಗಿ ಅಂಟಿಸಿದರೆ ಸಾಲದೇ?

ಜಾಗ ನೋಡಿಕೊಳ್ಳಲು ಸಾಕು, ಶಾಟ್ ತೀರ್ಮಾನಿಸಲು ಸಾಲದು. ಫೋಟೊದಲ್ಲಿ ಭಟ್ಟಿಯ ಬಾಣಲೆಯಷ್ಟೇ ಸ್ಪಷ್ಟವಾಗಿ ಗೋಡೆಗೆ ಒರಗಿಸಿದ ಸೈಕಲ್ಲೂ ಕಾಣುತ್ತದೆ. ಹುಡುಗಿಯ ಜಾಗದಲ್ಲಿ ಜೀನ್ಸ್ ಹಾಕಿದ ನಿಮ್ಮ ಗೆಳೆಯ ನಿಂತಿರುತ್ತಾನೆ. ನೋಡುವವರ ಕಣ್ಣು ಎಲ್ಲಿಗೆ ಹೋಗಬೇಕು ಎಂದು ಫೋಟೊ ಹೇಳುವುದಿಲ್ಲ. ಅದನ್ನು ಹೇಳುವುದಕ್ಕೇ ನೀವು ಪೆನ್ನು ಹಿಡಿಯುವುದು.

ಫೋಟೊವನ್ನು ರೇಖಾಚಿತ್ರ ಮಾಡಿಕೊಡುವ ಫಿಲ್ಟರುಗಳಿವೆ. ಒಂದೇ ಫಿಲ್ಟರ್ ಹಾಕಿದರೆ ಒಂದೇ ನೋಟ ಬರಬೇಕಲ್ಲವೇ?

ಬರಬೇಕು ಎಂದು ನನಗೂ ಅನಿಸಿತ್ತು. ಬರುವುದಿಲ್ಲ. ಇಂಥ ಮಾಮೂಲಿ ಫಿಲ್ಟರ್ ಹುಡುಕುವುದು ಬೆಳಕು ತಟ್ಟನೆ ಬದಲಾಗುವ ಅಂಚುಗಳನ್ನು. ಅಂಚು ಸಿಕ್ಕಲ್ಲಿ ಗೆರೆ ಎಳೆಯುತ್ತದೆ, ಅದು ಮುಖವೋ ಗೋಣಿಚೀಲವೋ ಅದಕ್ಕೆ ತಿಳಿಯದು. ಭಟ್ಟಿಯೊಳಗಿನ ಫೋಟೊದಲ್ಲಿ ಮಸಿ ಹಿಡಿದ ಗೋಡೆಯ ಬಿರುಕು, ಗೋಣಿಯ ನೇಯ್ಗೆ, ನೆಲದ ಮೇಲೆ ಚೆಲ್ಲಿದ ಮಂಡಕ್ಕಿ ಎಲ್ಲಕ್ಕೂ ಗೆರೆ ಬಂತು. ಹೊಗೆಯಲ್ಲಿ ಮಸುಕಾಗಿದ್ದ ಅಪ್ಪನ ಮುಖಕ್ಕೆ ಮಾತ್ರ ಬರಲಿಲ್ಲ. ಅದೇ ಫಿಲ್ಟರನ್ನು ಬಿಸಿಲಿನ ಬೀದಿಯ ಫೋಟೊಗೆ ಹಾಕಿದೆ. ಬಿಳಿ ಗೋಡೆ, ಬಿಳಿ ಆಕಾಶ, ನಾಲ್ಕೇ ಗೆರೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಒಂದು ಇರುವೆಗೂಡು, ಇನ್ನೊಂದು ಖಾಲಿ ಕಾಗದ. ಫಿಲ್ಟರ್ ಒಂದೇ ಆಗಿದ್ದರೂ ಅದಕ್ಕೆ ಕೊಟ್ಟ ಫೋಟೊಗಳ ಬೆಳಕು ಬೇರೆ ಬೇರೆಯಾಗಿತ್ತು. ನನ್ನ ಹನ್ನೊಂದು ಫ್ರೇಮುಗಳು ಕಸದ ಬುಟ್ಟಿ ಸೇರಿದ್ದು ಇದರಿಂದಲೇ.

ಹಾಗಾದರೆ ಯಾವುದನ್ನು ಒಂದೇ ಆಗಿ ಇಡಬೇಕು?

ಮೂರನ್ನು: ಗೆರೆಯ ದಪ್ಪ, ಬೂದು ಛಾಯೆಗಳ ಸಂಖ್ಯೆ, ಮತ್ತು ಏನನ್ನು ಬಿಡುತ್ತೀರಿ ಎಂಬುದು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನೋಟ ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಗೆರೆಗೆ ನಾವು ಮೂರು ದಪ್ಪ ಇಟ್ಟುಕೊಂಡೆವು. ಆ ಶಾಟಿನಲ್ಲಿ ಕಥೆ ಯಾರದೋ ಅವರ ಹೊರ ಅಂಚಿಗೆ 0.8 ಪೆನ್ನು. ಉಳಿದ ಜನ ಮತ್ತು ಕೈಗೆ ಸಿಗುವ ವಸ್ತುಗಳಿಗೆ 0.4. ಗೋಡೆ, ಬಾಗಿಲು, ದೂರದ ಮನೆಗಳಿಗೆ 0.1. ಹತ್ತಿರವಿದ್ದದ್ದಕ್ಕೆ ದಪ್ಪ, ದೂರವಿದ್ದದ್ದಕ್ಕೆ ತೆಳು ಎಂಬುದು ರೂಢಿಯ ನಿಯಮ. ನಾವು ದೂರಕ್ಕಿಂತ ಕಥೆಯನ್ನು ನೋಡಿ ದಪ್ಪ ಕೊಟ್ಟೆವು. ಬಾಗಿಲಲ್ಲಿ ನಿಂತ ಪುಟ್ಟ ಹುಡುಗಿ ಎಷ್ಟೇ ದೂರವಿದ್ದರೂ ಕಣ್ಣಿಗೆ ಬಿದ್ದಳು.

ಬಿಡುವ ನಿಯಮವನ್ನು ಗೋಡೆಗೆ ಅಂಟಿಸಿಕೊಂಡಿದ್ದೆವು: ಕಥೆಯಲ್ಲಿ ಯಾರೂ ಮುಟ್ಟದ ವಸ್ತುವಿಗೆ ಹೊರಗೆರೆ ಮಾತ್ರ, ಒಳಗೆ ಏನೂ ಇಲ್ಲ. ಬಟ್ಟೆಗೆ ಎರಡಕ್ಕಿಂತ ಹೆಚ್ಚು ಮಡಿಕೆ ಇಲ್ಲ. ಮುಖ ಹೆಬ್ಬೆರಳ ಉಗುರಿಗಿಂತ ಚಿಕ್ಕದಾದರೆ ಕಣ್ಣು ಮೂಗು ಇಲ್ಲ.

ಛಾಯೆ ಎಷ್ಟಿರಬೇಕು? ಫೋಟೊ ನೋಡಿಕೊಂಡೇ ತುಂಬಿದರೆ ತಪ್ಪೇ?

ನಾಲ್ಕು ಸಾಕು: ಕಾಗದದ ಬಿಳಿ, ಶೇ. 20ರ ಬೂದು, ಶೇ. 50ರ ಬೂದು, ಶೇ. 85ರ ಕಪ್ಪು. ಆದರೆ ಯಾವುದಕ್ಕೆ ಯಾವ ಛಾಯೆ ಎಂದು ಫೋಟೊವನ್ನು ಕೇಳಬೇಡಿ, ಅದು ಸುಳ್ಳು ಹೇಳುತ್ತದೆ.

ಮೊಬೈಲ್ ಕ್ಯಾಮೆರಾ ತಾನಾಗಿಯೇ ಬೆಳಕು ಹೊಂದಿಸುತ್ತದೆ. ಕತ್ತಲ ಭಟ್ಟಿಯೊಳಗೆ ಹೋದರೆ ಚಿತ್ರವನ್ನು ಬೆಳಗಿಸುತ್ತದೆ, ನೆತ್ತಿಸುಡುವ ಬಿಸಿಲಿನ ಬೀದಿಗೆ ಬಂದರೆ ತಗ್ಗಿಸುತ್ತದೆ. ಎರಡೂ ಕೊನೆಗೆ ಹತ್ತಿರ ಹತ್ತಿರ ಅದೇ ನಡು ಬೂದಿಗೆ ಬಂದು ನಿಲ್ಲುತ್ತವೆ. ಕಿಟಕಿ, ಬಾಗಿಲು ಇರುವ ಫೋಟೊದಲ್ಲಿ ಎಚ್‌ಡಿಆರ್ ಚಾಲೂ ಇದ್ದರೆ ಇನ್ನೂ ಒಂದು ಹೆಜ್ಜೆ: ಹೊರಗಿನ ಬೆಳಕನ್ನು ಇಳಿಸಿ, ಒಳಗಿನ ಕತ್ತಲನ್ನು ಎತ್ತಿ, ಎರಡನ್ನೂ ಸಮ ಮಾಡಿಬಿಡುತ್ತದೆ. ಹುಡುಗಿ ಬಿಸಿಲಿನಿಂದ ಕತ್ತಲೆಗೆ ಕಾಲಿಡುವ ಆ ಒಂದು ಕ್ಷಣಕ್ಕಾಗಿ ನಾವು ಸಿನಿಮಾ ತೆಗೆಯುತ್ತಿದ್ದೆವು. ಫೋಟೊಗಳಲ್ಲಿ ಆ ಕ್ಷಣವೇ ಇರಲಿಲ್ಲ.

ಆದ್ದರಿಂದ ಛಾಯೆಯನ್ನು ಜಾಗಕ್ಕೆ ಗೊತ್ತುಮಾಡಿ. ನಮ್ಮ ಪಟ್ಟಿ ಹೀಗಿತ್ತು: ಭಟ್ಟಿಯೊಳಗೆ ದೊಡ್ಡ ಭಾಗವೆಲ್ಲ ಕಪ್ಪು, ಗೋಡೆಯ ಬೆಂಕಿ ತಾಗಿದ ಕಡೆ ಶೇ. 50, ಬಾಗಿಲ ತೆರಪು ಬಿಳಿ. ಬೀದಿಯಲ್ಲಿ ದೊಡ್ಡ ಭಾಗ ಬಿಳಿ, ನೆರಳು ಶೇ. 50, ಕಪ್ಪು ಎಂಬುದು ಹುಡುಗಿಯ ಜಡೆಗೆ ಮಾತ್ರ. ಮನೆಯ ಅಂಗಳ ಸಂಜೆಯದು, ದೊಡ್ಡ ಭಾಗ ಶೇ. 20. ಒಂದು ಫ್ರೇಮನ್ನು ದೂರದಿಂದ ಕಂಡರೂ ಯಾವ ಜಾಗ ಎಂದು ತಿಳಿಯುತ್ತಿತ್ತು.

ಫೋಟೊದ ಮೇಲೆಯೇ ಟ್ರೇಸ್ ಮಾಡಿದೆ. ಚಿತ್ರೀಕರಣದ ದಿನ ಕ್ಯಾಮೆರಾದಲ್ಲಿ ಅಷ್ಟು ಜಾಗ ಕಾಣಲೇ ಇಲ್ಲ. ಏಕೆ?

ಮೊಬೈಲಿನ ಮುಖ್ಯ ಕ್ಯಾಮೆರಾ ಅಗಲವಾಗಿ ನೋಡುತ್ತದೆ. ಫುಲ್ ಫ್ರೇಮ್ ಲೆಕ್ಕದಲ್ಲಿ ಸುಮಾರು 24ರಿಂದ 26 ಮಿ.ಮೀ. ಲೆನ್ಸಿಗೆ ಸಮ. ಕಾಲೇಜುಗಳಲ್ಲಿ ಸಿಗುವ, ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಹಾಕಿದರೆ ಅದು ಸುಮಾರು 75 ಮಿ.ಮೀ.ಗೆ ಸಮ, ಅಂದರೆ ಮೊಬೈಲು ಕಂಡ ಅಗಲದಲ್ಲಿ ಮೂರನೇ ಒಂದು ಭಾಗ ಮಾತ್ರ ಕಾಣುತ್ತದೆ. 35 ಮಿ.ಮೀ. ಹಾಕಿದರೆ ಅರ್ಧ. ಜೊತೆಗೆ ಬರುವ ಜೂಮ್ ಲೆನ್ಸಿನ 18ರಲ್ಲಿ ಮಾತ್ರ ಹೆಚ್ಚುಕಡಿಮೆ ಪೂರ್ತಿ.

ಪರಿಹಾರ ಸುಲಭ. ಛಾಯಾಗ್ರಾಹಕರನ್ನು ಲೆನ್ಸ್ ಯಾವುದೆಂದು ಮೊದಲೇ ಕೇಳಿ, ಫೋಟೊದ ನಡುಭಾಗವನ್ನು ಅಷ್ಟಕ್ಕೇ ಕತ್ತರಿಸಿ, ಆಮೇಲೆ ಬರೆಯಿರಿ. ಹೀಗೆ ಕತ್ತರಿಸಿದ್ದು ಮೋಸವಲ್ಲ. ಹತ್ತಿರದ ಮತ್ತು ದೂರದ ವಸ್ತುಗಳು ಒಂದಕ್ಕೊಂದು ಎಷ್ಟು ದೊಡ್ಡದಾಗಿ ಕಾಣುತ್ತವೆ ಎಂಬುದು ಕ್ಯಾಮೆರಾ ನಿಂತ ಜಾಗದಿಂದ ತೀರ್ಮಾನವಾಗುತ್ತದೆಯೇ ಹೊರತು ಲೆನ್ಸಿನಿಂದಲ್ಲ. ಅದೇ ಜಾಗದಲ್ಲಿ ನಿಂತು ತೆಗೆದಿದ್ದರೆ ಕತ್ತರಿಸಿದ ಮೊಬೈಲ್ ಫೋಟೊ ಮತ್ತು ಉದ್ದ ಲೆನ್ಸಿನ ಚಿತ್ರ ಒಂದೇ ಆಕಾರ ಕೊಡುತ್ತವೆ.

ಮೊಬೈಲಿನ 0.5 ಕ್ಯಾಮೆರಾದಿಂದ ತೆಗೆದ ಫೋಟೊವನ್ನು ಮಾತ್ರ ಬರೆಯಲು ಬಳಸಬೇಡಿ. ಅಂಚಿನಲ್ಲಿ ನಿಂತವರು ಹಿಟ್ಟು ಲಟ್ಟಿಸಿದಂತೆ ಎಳೆದುಹೋಗಿರುತ್ತಾರೆ. ನಡುವೆ ಒಂದೇ ಒಂದು ಅಂಥ ಫ್ರೇಮ್ ಬಂದರೂ ಬೇರೆಯವರು ಬರೆದದ್ದು ಎನ್ನಿಸುತ್ತದೆ.

ಖಾಲಿ ಜಾಗದ ಫೋಟೊಗೆ ಪಾತ್ರಗಳನ್ನು ಸೇರಿಸುವಾಗ ಅವರ ಎತ್ತರ ಪ್ರತಿ ಫ್ರೇಮಿನಲ್ಲೂ ಬದಲಾಗುತ್ತದೆ. ಏನು ಮಾಡಲಿ?

ಫೋಟೊ ತೆಗೆಯುವಾಗ ಲೆನ್ಸ್ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂದು ಬರೆದಿಟ್ಟುಕೊಳ್ಳಿ. ಇದೊಂದು ಅಂಕಿ ಇದ್ದರೆ ಉಳಿದದ್ದು ಲೆಕ್ಕ.

ಸಮತಟ್ಟು ನೆಲದ ಮೇಲೆ, ಲೆನ್ಸಿನಷ್ಟೇ ಎತ್ತರವಿರುವ ಪ್ರತಿಯೊಂದರ ತುದಿಯೂ ದಿಗಂತ ರೇಖೆಗೇ ತಾಗುತ್ತದೆ, ಅದು ಎರಡು ಅಡಿ ದೂರವಿರಲಿ, ಬೀದಿಯ ಕೊನೆಯಲ್ಲಿರಲಿ. ಮೊಬೈಲನ್ನು ಮೇಲಕ್ಕೂ ಕೆಳಕ್ಕೂ ವಾಲಿಸದೆ ನೇರ ಹಿಡಿದಿದ್ದರೆ ಆ ರೇಖೆ ಫೋಟೊದ ನಟ್ಟನಡುವೆ ಇರುತ್ತದೆ. ಈಗ ಪಾತ್ರ ಎಲ್ಲಿ ನಿಲ್ಲಬೇಕೋ ಅಲ್ಲಿ ಪಾದದ ಚುಕ್ಕೆ ಇಡಿ. ಪಾದದಿಂದ ದಿಗಂತದವರೆಗಿನ ದೂರ ಎಂದರೆ ಲೆನ್ಸಿನ ಎತ್ತರ. ಲೆನ್ಸ್ 150 ಸೆಂ.ಮೀ. ಎತ್ತರದಲ್ಲಿತ್ತು ಎನ್ನಿ. 120 ಸೆಂ.ಮೀ.ನ ಹುಡುಗಿ ಆ ದೂರದ ಐದರಲ್ಲಿ ನಾಲ್ಕು ಭಾಗ. 165 ಸೆಂ.ಮೀ.ನ ಅಪ್ಪ ಅದಕ್ಕಿಂತ ಹತ್ತರಲ್ಲಿ ಒಂದು ಭಾಗ ಹೆಚ್ಚು. ಹಿಂದೆ ಮುಂದೆ ಎಲ್ಲಿ ನಿಲ್ಲಿಸಿದರೂ ಇದೇ ಲೆಕ್ಕ.

ಕಟ್ಟೆ, ಮೆಟ್ಟಿಲು, ಇಳಿಜಾರು ಬಂದರೆ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ಗೆಳೆಯನೊಬ್ಬನನ್ನು ನಿಲ್ಲಿಸಿಯೇ ಫೋಟೊ ತೆಗೆಯಿರಿ.

ಒಂದು ಫ್ರೇಮನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಬರೆದಿರಿ, ತೋರಿಸುತ್ತೀರಾ?

ಶಾಟ್ 17. ಅಪ್ಪನ ಬೆನ್ನ ಹಿಂದಿನಿಂದ ಕ್ಯಾಮೆರಾ, ಎದುರಿಗೆ ಬಾಗಿಲು, ಹೊಸ್ತಿಲಲ್ಲಿ ಕ್ಯಾರಿಯರ್ ಹಿಡಿದ ಹುಡುಗಿ. ಲೆನ್ಸ್ 35 ಮಿ.ಮೀ.

ನನ್ನ ಮೊದಲ ಫೋಟೊ ನಿಂತುಕೊಂಡು ತೆಗೆದದ್ದು, ಬಾಣಲೆ ಮೇಲಿನಿಂದ ಕಾಣುತ್ತಿತ್ತು. ಅಪ್ಪ ಕುಳಿತೇ ಕೆಲಸ ಮಾಡುವವನು. ನಿರ್ದೇಶಕಿ ಕೇಳಿದ್ದು ಅವನ ಕಣ್ಣಿನ ಎತ್ತರವನ್ನು, ಅಂದರೆ ಸುಮಾರು 80 ಸೆಂ.ಮೀ. ಬರೆಯುವಾಗ ಸ್ವಲ್ಪ ಕೆಳಗಿನಿಂದ ಕಂಡಂತೆ ತಿದ್ದಿಕೊಂಡರಾಯಿತು ಎಂದುಕೊಂಡೆ. ಆಗುವುದಿಲ್ಲ. ಕ್ಯಾಮೆರಾ ಕೆಳಗಿಳಿದರೆ ಬಾಣಲೆಯ ಬಾಯಿ ತೆಳ್ಳಗೆ ಎಲೆಯಂತಾಗುತ್ತದೆ, ಅದರ ಹಿಂದಿದ್ದ ನೆಲ ಮರೆಯಾಗುತ್ತದೆ. ಫೋಟೊದಲ್ಲಿ ಇಲ್ಲದ್ದನ್ನು ಊಹಿಸಿ ಬರೆದ ಗೆರೆ ಉಳಿದ ಗೆರೆಗಳ ನಡುವೆ ಕುಂಟುತ್ತದೆ. ಮರುದಿನ ಮತ್ತೆ ಹೋಗಿ, ಕುಕ್ಕರಗಾಲಿನಲ್ಲಿ ಕುಳಿತು, ಬಾಗಿಲಿಂದ ಐದು ಮೀಟರ್ ದೂರದಲ್ಲಿ ತೆಗೆದೆ.

ಫೋಟೊ 4000 ಪಿಕ್ಸೆಲ್ ಅಗಲವಿತ್ತು. 35 ಮಿ.ಮೀ.ಗೆ ಅರ್ಧ, ಆದ್ದರಿಂದ ನಡುವಿನ 2000 ಪಿಕ್ಸೆಲ್ ಉಳಿಸಿಕೊಂಡು 1920×1080ಕ್ಕೆ ಇಳಿಸಿದೆ. ದಿಗಂತ ರೇಖೆ ನಡುವೆ, ಮೇಲಿನಿಂದ 540ರಲ್ಲಿ. ಇಲ್ಲಿ ಒಂದು ಬೇಡದ ಸುದ್ದಿ ಸಿಕ್ಕಿತು: ಬಾಗಿಲ ಮೇಲುಪಟ್ಟಿ ಫ್ರೇಮಿನಿಂದ ಆಚೆ ಹೋಗಿತ್ತು. ಹುಡುಗಿಯ ಸುತ್ತ ಬಾಗಿಲು ಚೌಕಟ್ಟಿನಂತೆ ಕೂರಬೇಕು ಎಂಬುದೇ ಈ ಶಾಟಿನ ಉದ್ದೇಶ. ಮೇಲುಪಟ್ಟಿ ಇಲ್ಲದಿದ್ದರೆ ಅವಳು ಎರಡು ಕಂಬಗಳ ನಡುವೆ ನಿಂತಂತೆ ಕಾಣುತ್ತಾಳೆ. ಒಲೆಯ ಹಿಂದೆ ಇನ್ನೂ ಒಂದೂವರೆ ಮೀಟರ್ ಜಾಗವಿತ್ತು. ಒಂದು ಮೀಟರ್ ಹಿಂದೆ ಸರಿದು ಮತ್ತೆ ತೆಗೆದಾಗ ಮೇಲುಪಟ್ಟಿ ಒಳಗೆ ಬಂತು, ಅದರ ಮೇಲೆ ಬೆರಳಗಲ ಕತ್ತಲೂ ಉಳಿಯಿತು. ಇದು ಚಿತ್ರೀಕರಣದ ದಿನ ಗೊತ್ತಾಗಿದ್ದರೆ ಗೋಣಿಚೀಲಗಳ ರಾಶಿ ಸರಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು.

ಹುಡುಗಿಯ ಎತ್ತರ: ಹೊಸ್ತಿಲಲ್ಲಿ ಪಾದದ ಚುಕ್ಕೆ ದಿಗಂತಕ್ಕಿಂತ 370 ಪಿಕ್ಸೆಲ್ ಕೆಳಗೆ. ಅದು 80 ಸೆಂ.ಮೀ. ಅವಳು 120 ಸೆಂ.ಮೀ., ಅಂದರೆ ಒಂದೂವರೆ ಪಟ್ಟು, 555 ಪಿಕ್ಸೆಲ್. ಅವಳ ತಲೆ ದಿಗಂತದ ಮೇಲೆ 185 ಪಿಕ್ಸೆಲ್ ಏಳಬೇಕು. ಕಣ್ಣಳತೆಯಲ್ಲಿ ನಾನು ಬರೆದಿದ್ದವಳು ಇದಕ್ಕಿಂತ ಸಾಕಷ್ಟು ಎತ್ತರವಿದ್ದಳು, ಅಪ್ಪನ ತಂಗಿಯಂತೆ ಕಾಣುತ್ತಿದ್ದಳು.

ಗೆರೆ: ಕಥೆ ಹುಡುಗಿಯದು, ಅವಳಿಗೆ 0.8. ಫ್ರೇಮಿನ ಕಾಲುಭಾಗ ತುಂಬಿದ ಅಪ್ಪನ ಬೆನ್ನಿಗೆ 0.4. ಬಾಗಿಲಿಗೆ, ಗೋಡೆಗೆ 0.1. ಛಾಯೆ: ಗೋಡೆ, ಅಪ್ಪನ ಬೆನ್ನು ಕಪ್ಪು, ಬಾಗಿಲ ತೆರಪು ಬಿಳಿ. ಬೆಳಕಿಗೆ ಬೆನ್ನು ಮಾಡಿದ ಹುಡುಗಿಯೂ ಕಪ್ಪು. ಅವಳ ಕೈಯ ಸ್ಟೀಲ್ ಕ್ಯಾರಿಯರಿಗೆ ಮಾತ್ರ ಒಂದು ಬಿಳಿ ಪಟ್ಟಿ ಬಿಟ್ಟೆವು. ಅಪ್ಪನ ಕೆನ್ನೆಯ ಅಂಚಿಗೆ ಬೆಂಕಿಯ ಬೆಳಕು, ಅದೂ ಬಿಳಿ. ಹೊಗೆಗೆ ಗೆರೆ ಇಲ್ಲ, ಕಪ್ಪಿನ ಮೇಲೆ ಶೇ. 20ರ ಒಂದು ಪದರ, ಅಷ್ಟೇ. ಮೊದಲ ಕರಡಿನಲ್ಲಿ ಹೊಗೆಗೆ ಸುರುಳಿ ಸುರುಳಿ ಗೆರೆ ಎಳೆದಿದ್ದೆ, ಮಕ್ಕಳ ಚಿತ್ರಪುಸ್ತಕದಂತಿತ್ತು.

ನೆರಳು ಫೋಟೊದಲ್ಲಿರುವಂತೆಯೇ ಬರೆಯಬಹುದೇ?

ಚಿತ್ರೀಕರಣ ಅದೇ ಹೊತ್ತಿಗೆ ಆದರೆ ಬರೆಯಿರಿ. ಲೊಕೇಶನ್ ನೋಡಲು ಎಲ್ಲರೂ ಬೆಣ್ಣೆದೋಸೆ ತಿಂದು ಹನ್ನೊಂದಕ್ಕೆ ಹೋಗುತ್ತಾರೆ, ಚಿತ್ರೀಕರಣ ಬೆಳಿಗ್ಗೆ ಏಳಕ್ಕೆ. ಉತ್ತರ ಯಾವ ಕಡೆ ಎಂದು ಗುರುತು ಹಾಕಿಕೊಂಡು ನೆರಳನ್ನು ಆ ಹೊತ್ತಿಗೆ ತಿರುಗಿಸಿ. ಏಳಕ್ಕೆ ಅದು ಪಶ್ಚಿಮದತ್ತ ಉದ್ದಕ್ಕೆ ಬೀಳುತ್ತದೆ. ಒಂದು ಸಂಗತಿ ನೆನಪಿರಲಿ: ನಮ್ಮ ಊರಿನ ಅಕ್ಷಾಂಶದಲ್ಲಿ ಮೇ, ಜೂನ್ ತಿಂಗಳ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ, ಗಿಡ್ಡ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರಿನಲ್ಲಿ ತೆಗೆದ ಫೋಟೊ ಹಿಡಿದು ಮೇ ತಿಂಗಳಿಗೆ ಬರೆದರೆ ಬೀದಿಯ ನೆರಳಿನ ಬದಿಯೇ ತಪ್ಪುತ್ತದೆ.

ಇಬ್ಬರು ಬರೆಯುತ್ತಿದ್ದೇವೆ. ಅರ್ಧರ್ಧ ದೃಶ್ಯ ಹಂಚಿಕೊಳ್ಳೋಣವೇ?

ದಯವಿಟ್ಟು ಬೇಡ. ದೃಶ್ಯ ಹಂಚಿಕೊಂಡರೆ ಎರಡು ಕೈ ಕಾಣುತ್ತವೆ, ಎಷ್ಟೇ ನಿಯಮ ಬರೆದಿಟ್ಟರೂ. ಕೆಲಸದ ಹಂತವನ್ನು ಹಂಚಿಕೊಳ್ಳಿ. ಒಬ್ಬರು ಎಲ್ಲ ಫ್ರೇಮುಗಳ ಗೆರೆ, ಇನ್ನೊಬ್ಬರು ಎಲ್ಲ ಫ್ರೇಮುಗಳ ಛಾಯೆ. ನನ್ನ ಜೊತೆಗಾತಿಗೆ ಗೆರೆ ನಡುಗುತ್ತಿತ್ತು, ಆದರೆ ಕಪ್ಪು ಎಲ್ಲಿ ನಿಲ್ಲಬೇಕೆಂಬ ಕಣ್ಣು ನನಗಿಂತ ಚೆನ್ನಾಗಿತ್ತು. ಎಲ್ಲ 38 ಫ್ರೇಮಿಗೂ ಛಾಯೆ ಅವಳದೇ.

ಇಬ್ಬರೂ ಸೇರಿ ಮೊದಲು ಮೂರೇ ಫ್ರೇಮುಗಳನ್ನು ಮುಗಿಸಿ: ಅತಿ ಕತ್ತಲಿನದು, ಅತಿ ಬೆಳಕಿನದು, ಅತಿ ಹತ್ತಿರದ ಮುಖ. ನಿಮ್ಮ ನಿಯಮ ಈ ಮೂರಕ್ಕೂ ಒಗ್ಗಿದರೆ ನಡುವಿನದಕ್ಕೆಲ್ಲ ಒಗ್ಗುತ್ತದೆ. ಒಂದರಿಂದ ಶುರುಮಾಡಿ ಸಾಲಾಗಿ ಬರೆದರೆ ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಕೈ ಪಳಗಿ, ಮೊದಲ ಫ್ರೇಮುಗಳು ಬೇರೆಯದೇ ಆಗಿರುತ್ತವೆ.

ಕಾಗದವೋ ಕಂಪ್ಯೂಟರೋ?

ಯಾವುದಾದರೂ ಸರಿ, ಬೆರೆಸಬೇಡಿ. ಕಾಗದವಾದರೆ ಕತ್ತರಿಸಿದ ಫೋಟೊವನ್ನು ತಿಳಿ ಬೂದಿನಲ್ಲಿ ಮುದ್ರಿಸಿ, ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಕಿಟಕಿಯ ಗಾಜಿಗೆ ಅಂಟಿಸಿ. ಎಲ್ಲ ಫ್ರೇಮೂ ಒಂದೇ ಅಳತೆಯಲ್ಲಿ ಮುದ್ರಣವಾಗಿರಲಿ, ಇಲ್ಲದಿದ್ದರೆ 0.4 ಪೆನ್ನು ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಕಾಣುತ್ತದೆ. ಕಂಪ್ಯೂಟರಾದರೆ ಉಚಿತವಾಗಿ ಸಿಗುವ ಕ್ರಿತಾ ಸಾಕು: ಕೆಳಗೆ ಬೀಗ ಹಾಕಿದ ಫೋಟೊ ಪದರ, ಅದರ ಮೇಲೆ ಛಾಯೆ, ಎಲ್ಲಕ್ಕಿಂತ ಮೇಲೆ ಗೆರೆ. ಕುಂಚ 9, 5, 2 ಪಿಕ್ಸೆಲ್. ಬರೆಯುವಾಗ ಪರದೆಯನ್ನು ಶೇ. 100ಕ್ಕಿಂತ ಹಿಗ್ಗಿಸಬೇಡಿ. ಹಿಗ್ಗಿಸಿದ ಕೂಡಲೇ ಕೈ ರೆಪ್ಪೆಗೂದಲು ಬರೆಯಲು ಹೊರಡುತ್ತದೆ, ಆ ಫ್ರೇಮ್ ಗುಂಪು ಬಿಟ್ಟು ಹೋಗುತ್ತದೆ.

ಲೆನ್ಸಿಗೆ ತಕ್ಕಂತೆ ಕತ್ತರಿಸಿದ ಫೋಟೊಗಳನ್ನೆಲ್ಲ ಒಂದೇ ಅಳತೆಗೆ, ಒಂದೇ ತಿಳಿ ಬೂದಿಗೆ ತರಲು ಇಮೇಜ್‌ಮ್ಯಾಜಿಕ್ ತಂತ್ರಾಂಶ ಇದ್ದರೆ, ಫೋಟೊಗಳಿರುವ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ಕೊಡುವ ಈ ಎರಡು ಸಾಲು ಸಾಕು:

```
mkdir base
magick mogrify -path base -auto-orient -resize "1920x1080^" -gravity center -extent 1920x1080 -colorspace Gray -fill white -colorize 60 *.jpg
```

ಮೂಲ ಫೋಟೊಗಳು ಹಾಗೆಯೇ ಉಳಿಯುತ್ತವೆ, ಹೊಸವು `base` ಫೋಲ್ಡರಿಗೆ ಹೋಗುತ್ತವೆ.

ನಮ್ಮ ಕಥೆ ಚಿತ್ರದುರ್ಗದ ಕೋಟೆಯಲ್ಲಿ. ಬಂಡೆಗಳನ್ನು ಬರೆದು ಸಾಕಾಗಿದೆ.

ಬಂಡೆಯ ಮೈಯನ್ನು ಬರೆಯಲು ಹೋಗಬೇಡಿ, ಮುಗಿಯುವುದಿಲ್ಲ. ಹೊರಗೆರೆ ಒಂದು, ದೊಡ್ಡ ಬಿರುಕು ಒಂದೆರಡು, ಬೆಳಕಿಲ್ಲದ ಕಡೆಗೆ ಶೇ. 50ರ ಛಾಯೆ. ಉರುಟು ಮೈ ತೋರಿಸಲೇಬೇಕಿದ್ದರೆ ಬೆಳಕು ನೆರಳು ಸೇರುವ ಅಂಚಿನಲ್ಲಿ ಮಾತ್ರ ನಾಲ್ಕಾರು ಚುಕ್ಕೆ. ಕೋಟೆಗೋಡೆಗೂ ಹಾಗೆಯೇ: ಪ್ರತಿ ಕಲ್ಲನ್ನೂ ಬರೆಯದೆ ಪಾತ್ರದ ತಲೆಯ ಸುತ್ತ ಹತ್ತು ಹನ್ನೆರಡು ಕಲ್ಲಿನ ಜೋಡಣೆ ತೋರಿಸಿ, ಉಳಿದದ್ದನ್ನು ಖಾಲಿ ಬಿಡಿ. ಅಲ್ಲಿ ಸಮತಟ್ಟು ನೆಲ ಕಡಿಮೆ, ಆದ್ದರಿಂದ ಮೇಲೆ ಹೇಳಿದ ಎತ್ತರದ ಲೆಕ್ಕವನ್ನು ನೆಚ್ಚಿಕೊಳ್ಳಬೇಡಿ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ, ಚಿತ್ರೀಕರಣಕ್ಕೆ ಪರವಾನಗಿ ಬೇಕು. ಬರೆಯಲು ಕೂರುವ ಮೊದಲೇ ಅರ್ಜಿ ಹಾಕಿ.

ಫೋಟೊದಲ್ಲಿ ಭಟ್ಟಿಯ ಕೆಲಸಗಾರರ ಮುಖಗಳು ಬಂದಿವೆ.

ಕೇಳಿ ತೆಗೆಯಿರಿ, ಕೇಳಿದ್ದರೂ ಫ್ರೇಮಿನಲ್ಲಿ ಅವರ ಮುಖ ಟ್ರೇಸ್ ಮಾಡಬೇಡಿ. ನಿಮ್ಮ ಪಾತ್ರಗಳನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ನಿಲ್ಲಿಸಿ ಮೊದಲೇ ಬರೆದುಕೊಂಡಿದ್ದರೆ ಅದರ ಅಗತ್ಯವೂ ಬೀಳದು. ಎರಡು ಜಡೆ, ತಲೆಗೆ ಸುತ್ತಿದ ಟವೆಲ್, ಜೇಬಿನಲ್ಲಿ ಪೆನ್ನು. ನಮ್ಮ ಮೂವರನ್ನೂ ಗುರುತಿಸಲು ಇಷ್ಟೇ ಸಾಕಾಯಿತು.

ಬಾಣದ ಗುರುತುಗಳು?

ಪಾತ್ರದ ಚಲನೆ ಫ್ರೇಮಿನ ಒಳಗೆ, ಕ್ಯಾಮೆರಾದ ಚಲನೆ ಫ್ರೇಮಿನ ಹೊರಗೆ. ಕೆಂಪು ಬಣ್ಣದಲ್ಲಿ ಹಾಕಿ, ಛಾಯೆಯೊಂದಿಗೆ ಬೆರೆಯದಿರಲಿ.

ನೋಟ ಒಂದೇ ಆಗಿದೆಯೇ ಎಂದು ತಿಳಿಯುವುದು ಹೇಗೆ?

ಎಲ್ಲವನ್ನೂ ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ಒಂದೇ ಹಾಳೆಯಲ್ಲಿ ಜೋಡಿಸಿ.

```
magick montage *.png -tile 6x -geometry 320x180+8+8 sheet.png
```

ಹತ್ತಡಿ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಹೊರಗೆ ನಿಂತ ಫ್ರೇಮ್ ತಾನಾಗಿ ಕಣ್ಣಿಗೆ ಕುಟುಕುತ್ತದೆ. ನಮಗೆ ಹೀಗೆ ನಾಲ್ಕು ಸಿಕ್ಕವು. ಎರಡರಲ್ಲಿ ಗೋಡೆ ಅತಿಯಾಗಿ ತುಂಬಿತ್ತು. ಒಂದರಲ್ಲಿ ಭಟ್ಟಿಯ ಕಪ್ಪು ಶೇ. 50ಕ್ಕೆ ಇಳಿದಿತ್ತು. ನಾಲ್ಕನೆಯದು ಮಾಲೀಕನ ಕೈ ಹಣ ಎಣಿಸುವ ಹತ್ತಿರದ ಶಾಟ್. ಅದು ಮಾತ್ರ ಬೇರೆ ಕಾಣುವುದೇ ಸರಿ ಎಂದು ನಿರ್ದೇಶಕಿ ಹಟ ಹಿಡಿದರು. ಅದನ್ನು ಹಾಗೆಯೇ ಬಿಟ್ಟೆವು.